ವಾಟ್ಸಾಪ್‌ನಲ್ಲಿ ಬಂದ ಕೇರಳ ಲಾಟರಿ ಟಿಕೆಟ್ ಅಸಲಿಯಾ? ಹೀಗೆ ನೋಡಿ

ನಮ್ಮ ಭಾವ ಕೇರಳದ ಕುಂಬಳೆಯಲ್ಲಿ ಒಂದು ಗೂಡಂಗಡಿ ಇಟ್ಟುಕೊಂಡಿದ್ದಾರೆ. ಬೀಡಿ, ಬಾಳೆಹಣ್ಣು, ಸೋಡಾ, ಮುಂದೆ ಕ್ಲಿಪ್ ಹಾಕಿ ನೇತುಬಿಟ್ಟ ಲಾಟರಿ ಟಿಕೆಟ್. ಮಂಗಳೂರಿನ ಕಡೆಯಿಂದ ಅವರಿಗೆ ವಾರಕ್ಕೆ ನಾಲ್ಕೈದು ಫೋನ್ ಬರುತ್ತದೆ. "ಒಂದು ಟಿಕೆಟ್ ವಾಟ್ಸಾಪ್ ಮಾಡಿ, ಗೂಗಲ್ ಪೇ ಮಾಡ್ತೇನೆ." ಭಾವ ಆಗೋದಿಲ್ಲ ಅಂತಾರೆ. ಆ ಕಡೆಯವರು ಬೇಸರ ಮಾಡಿಕೊಂಡು ಫೋನ್ ಇಡುತ್ತಾರೆ. ಆಮೇಲೆ ಫೇಸ್‌ಬುಕ್‌ನಲ್ಲಿ ಹುಡುಕಿದರೆ, "ಆಗುತ್ತದೆ" ಅನ್ನುವವರು ಹತ್ತು ಜನ ಸಿಗುತ್ತಾರೆ.

ಹಾಗಾಗಿ ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೇರಳ ರಾಜ್ಯ ಲಾಟರಿಗೆ ಆನ್‌ಲೈನ್ ಮಾರಾಟ ಇಲ್ಲ. ವೆಬ್‌ಸೈಟ್‌ನಲ್ಲಿಲ್ಲ, ಆ್ಯಪ್‌ನಲ್ಲಿಲ್ಲ, ವಾಟ್ಸಾಪ್‌ನಲ್ಲೂ ಇಲ್ಲ. ಇಲಾಖೆ ಮುದ್ರಿಸುವುದು ಕಾಗದದ ಟಿಕೆಟ್ ಮಾತ್ರ. ಅದನ್ನು ಮಾರುವುದು ಏಜೆಂಟರು ಮತ್ತು ಅವರ ಕೈಕೆಳಗಿನ ಅಂಗಡಿಯವರು, ಅದೂ ಕೇರಳದೊಳಗೆ. ಅಂದ ಮೇಲೆ "ಕೇರಳ ಲಾಟರಿ ಆನ್‌ಲೈನ್ ಬುಕಿಂಗ್" ಅನ್ನುವ ಯಾವ ಸೈಟ್ ಅಸಲಿ ಅಂತ ಹುಡುಕಿ ಪ್ರಯೋಜನ ಇಲ್ಲ. ಅಸಲಿ ಅನ್ನುವುದೇ ಅಲ್ಲಿಲ್ಲ. ಅಸಲಿ ಇರುವುದು ಎರಡೇ: ಕೈಯಲ್ಲಿ ಹಿಡಿಯುವ ಕಾಗದ, ಮತ್ತು ಸರಕಾರದ ಸೈಟ್‌ನಲ್ಲಿ ಬರುವ ಫಲಿತಾಂಶ.

ಇಷ್ಟು ಗೊತ್ತಿದ್ದವರೂ ಸಿಕ್ಕಿಬೀಳುತ್ತಾರೆ. ಯಾಕೆಂದರೆ ಮೋಸ ಮಾಡುವವರು ಅಸಲಿ ಲಾಟರಿಯ ಹೆಸರು, ಅಸಲಿ ಡ್ರಾ, ಎಷ್ಟೋ ಸಲ ಅಸಲಿ ಟಿಕೆಟ್‌ನ ಫೋಟೋ ಕೂಡ ಬಳಸುತ್ತಾರೆ. ನಮ್ಮ ನೆರೆಮನೆಯ ಅಕ್ಕನ ಕತೆಯನ್ನೇ ಇಟ್ಟುಕೊಂಡು ಒಂದೊಂದಾಗಿ ನೋಡೋಣ.

ಶನಿವಾರ ಬಂದ ಐದು ಲಕ್ಷ

ಅಕ್ಕ ಬೀಡಿ ಕಟ್ಟುತ್ತಾರೆ. ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ಕಂಡಿತು. ಕೇರಳ ಸರಕಾರದ ಲಾಂಛನ, ಒಬ್ಬ ಮಂತ್ರಿಯ ಫೋಟೋ, ಕೆಳಗೆ ವಾಟ್ಸಾಪ್ ಗುಂಡಿ. ಒತ್ತಿದರು. ಮೂರು ಟಿಕೆಟ್‌ಗೆ 150 ರೂಪಾಯಿ ಕಳಿಸಿದರು. ಮೂರು ಟಿಕೆಟ್‌ನ ಫೋಟೋ ಬಂತು, ಮೇಲೆ ಕಾರುಣ್ಯ ಅಂತ ಇತ್ತು. ಶನಿವಾರ ಸಂಜೆ ಐದು ಗಂಟೆಗೆ ಮೆಸೇಜ್: ನಿಮ್ಮ ಟಿಕೆಟ್‌ನ ಕೊನೆಯ ನಾಲ್ಕು ಅಂಕಿ 4417ಕ್ಕೆ ಐದು ಲಕ್ಷ ಬಂದಿದೆ. ಜೊತೆಗೆ ಫಲಿತಾಂಶದ ಪಿಡಿಎಫ್. ಅದರಲ್ಲಿ 4417 ಇತ್ತು. ಭಾನುವಾರ ಸಂಜೆ "ಜಿಎಸ್‌ಟಿ ಮತ್ತು ಪ್ರೊಸೆಸಿಂಗ್" ಅಂತ 4,850 ರೂಪಾಯಿ ಕೇಳಿದರು. ಕಳಿಸಿದರು. ಸೋಮವಾರ ಬೆಳಿಗ್ಗೆ ರಿಸರ್ವ್ ಬ್ಯಾಂಕ್ ಹೆಸರಿನ ಒಂದು ಪತ್ರ ಬಂತು. ಹಣ ತಡೆಹಿಡಿದಿದ್ದೇವೆ, ಬಿಡಿಸಲು 18,500 ಕಟ್ಟಿ ಅಂತ. ಅಷ್ಟು ಕೈಯಲ್ಲಿರಲಿಲ್ಲ. ಸಾಲ ಕೇಳಲು ನಮ್ಮ ಮನೆಗೆ ಬಂದರು. ಅದರಿಂದಲೇ ವಿಷಯ ಗೊತ್ತಾಯಿತು.

"ಟಿಕೆಟ್ ಎಲ್ಲಿದೆ ಅಕ್ಕಾ?" ಅಂತ ಕೇಳಿದೆ.

"ಮೊಬೈಲಲ್ಲಿ ಉಂಟಲ್ಲ" ಅಂದರು.

ಮೊದಲ ನೋಟ: ಕಾಗದ ಯಾರ ಕೈಯಲ್ಲಿದೆ

ಲಾಟರಿ ಟಿಕೆಟ್ ನೋಟಿನ ಹಾಗೆ. ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕುವ ತನಕ ಅದು ಹಿಡಿದುಕೊಂಡವರದ್ದು. ಬಹುಮಾನ ಕೇಳುವಾಗ ಮೂಲ ಟಿಕೆಟ್ಟನ್ನೇ ಕೊಡಬೇಕು. ಸ್ಕ್ರೀನ್‌ಶಾಟ್‌ಗೆ, ಪ್ರಿಂಟ್‌ಔಟ್‌ಗೆ ಬೆಲೆ ಇಲ್ಲ. ಫೋಟೋದಲ್ಲಿರುವ ಟಿಕೆಟ್ ನೂರಕ್ಕೆ ನೂರು ಅಸಲಿ ಇರಬಹುದು. ಆದರೆ ಅದೇ ಫೋಟೋವನ್ನು ಇನ್ನೂ ಇಪ್ಪತ್ತು ಜನರಿಗೆ ಮಾರಿದ್ದರೆ ನಿಮಗೆ ತಿಳಿಯುವುದು ಹೇಗೆ?

ಇಲ್ಲೊಂದು ಮಾತು ಸೇರಿಸಬೇಕು. ಗುರುತಿನ ಅಂಗಡಿಯವರಿಗೆ ಫೋನ್ ಮಾಡಿ "ಒಂದು ತೆಗೆದಿಡಿ, ಸಂಜೆ ಬರ್ತೇನೆ" ಅನ್ನುವ ಪದ್ಧತಿ ಊರಲ್ಲಿ ಇದ್ದೇ ಇದೆ. 2021ರ ಸಮ್ಮರ್ ಬಂಪರ್‌ನಲ್ಲಿ ಆಲುವಾದ ಕಡೆಯ ಒಬ್ಬ ಮಾರಾಟಗಾರ್ತಿ ಹೀಗೆ ಫೋನ್ ಮೇಲೆ ಸಾಲಕ್ಕೆ ತೆಗೆದಿಟ್ಟ ಟಿಕೆಟ್‌ಗೇ ಆರು ಕೋಟಿ ಬಂತು. ಅವರು ಟಿಕೆಟ್ಟನ್ನು ಗಿರಾಕಿಯ ಮನೆಗೆ ಒಯ್ದು ಕೊಟ್ಟರು. ಪೇಪರ್‌ಗಳಲ್ಲೆಲ್ಲ ದೊಡ್ಡ ಸುದ್ದಿ ಆಗಿತ್ತು. ಸುದ್ದಿ ಆದದ್ದು ಯಾಕೆ ಅಂತ ಯೋಚಿಸಿ. ಆ ಟಿಕೆಟ್ ತನ್ನದೇ ಅಂತ ಅವರು ಹೇಳಿದ್ದರೆ ಗಿರಾಕಿಯ ಹತ್ತಿರ ತೋರಿಸಲು ಏನೂ ಇರಲಿಲ್ಲ. ಮುಖ ನೋಡಿದ ಅಂಗಡಿಯವರ ಮೇಲೆ ಇಡುವ ಆ ನಂಬಿಕೆಯನ್ನು ಡಿಪಿಯಲ್ಲಿ ಲಾಂಛನ ಹಾಕಿಕೊಂಡ ನಂಬರಿನ ಮೇಲೆ ಇಡುವುದು ಬೇಡ.

ಎರಡನೆಯದು: ಹೆಸರು, ವಾರ, ಅಕ್ಷರ

ಕೇರಳದ ವಾರದ ಲಾಟರಿಗಳಿಗೆ ದಿನಕ್ಕೊಂದು ಹೆಸರು. 2025ರ ಮೇ ತಿಂಗಳಲ್ಲಿ ಕೆಲವು ಹೆಸರು ಬದಲಾದವು. ಆಮೇಲೆ ಭಾನುವಾರ ಸಮೃದ್ಧಿ, ಸೋಮವಾರ ಭಾಗ್ಯತಾರಾ, ಮಂಗಳವಾರ ಸ್ತ್ರೀಶಕ್ತಿ, ಬುಧವಾರ ಧನಲಕ್ಷ್ಮಿ, ಗುರುವಾರ ಕಾರುಣ್ಯ ಪ್ಲಸ್, ಶುಕ್ರವಾರ ಸುವರ್ಣ ಕೇರಳಂ, ಶನಿವಾರ ಕಾರುಣ್ಯ. ಟಿಕೆಟ್ 50 ರೂಪಾಯಿ. ಡ್ರಾ ತಿರುವನಂತಪುರದ ಗೋರ್ಕಿ ಭವನದಲ್ಲಿ, ಮಧ್ಯಾಹ್ನ ಮೂರು ಗಂಟೆಗೆ. ಇವಲ್ಲದೆ ಓಣಂ, ಕ್ರಿಸ್‌ಮಸ್, ವಿಷು ಮುಂತಾದ ಬಂಪರ್‌ಗಳು ಬೇರೆ. ಒಂದು ರಾಜ್ಯ ವರ್ಷಕ್ಕೆ ಆರಕ್ಕಿಂತ ಜಾಸ್ತಿ ಬಂಪರ್ ಮಾಡುವಂತಿಲ್ಲ ಅಂತ 1998ರ ಲಾಟರಿ ಕಾಯ್ದೆಯಲ್ಲೇ ಇದೆ.

ಹಾಗಾದರೆ "ಕೇರಳ ಮೆಗಾಮಿಲಿಯನ್" ಎಲ್ಲಿಂದ ಬಂತು? ಆ ಹೆಸರಿನ ಲಾಟರಿಯೇ ಇಲ್ಲ. "ಸಮ್ಮರ್ ಸೀಸನ್ ಧಮಾಕಾ" ಕೂಡ ಇಲ್ಲ. ಇವೆರಡೂ ಕೇರಳದಲ್ಲಿ ಪೊಲೀಸರು ಎಚ್ಚರಿಕೆ ಕೊಟ್ಟ ನಕಲಿ ಹೆಸರುಗಳು. ಒಂದೇ ಲಾಟರಿಗೆ ದಿನಕ್ಕೆ ಮೂರು ಸಲ ಡ್ರಾ ಇದೆ ಅನ್ನುವ ಸೈಟ್ ಕಂಡರೂ ಅಷ್ಟೇ. ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ ಅನ್ನುವುದು ಅದೇ ಕಾಯ್ದೆಯ ಮಾತು. ಒಂದೇ ಅಂಕಿಯ ಮೇಲೆ ಬಹುಮಾನ ಇಡುವುದಕ್ಕೂ ಅಲ್ಲಿ ಅವಕಾಶ ಇಲ್ಲ. ಸರಕಾರಿ ಲಾಟರಿಯ ಕೊನೆಯ ಅಂಕಿಗಳ ಮೇಲೆ ಚೀಟಿ ಬರೆಯಿಸಿಕೊಳ್ಳುವ ಆಟ ಅಂದರೆ ಮಟ್ಕಾದ ತಮ್ಮ, ಬೇರೇನಲ್ಲ.

ಇನ್ನು ಅಕ್ಷರದ ವಿಷಯ. ವಾರದ ಟಿಕೆಟ್ 12 ಸೀರೀಸ್‌ನಲ್ಲಿ ಬರುತ್ತದೆ. ಕಾರುಣ್ಯ ಆದರೆ ಒಂದು ವಾರ KAಯಿಂದ KM ತನಕ, ಇನ್ನೊಂದು ವಾರ KNನಿಂದ KZ ತನಕ. ಬೆರಳು ಮಡಚಿ ಎಣಿಸಿ ನೋಡಿ, 13 ಆಗುತ್ತದೆ. ಒಂದು ಅಕ್ಷರ ಬಿಟ್ಟಿರುತ್ತಾರೆ: ಮೊದಲ ಸಾಲಿನಲ್ಲಿ I, ಎರಡನೆಯದರಲ್ಲಿ Q. ಭಾವನ ಅಂಗಡಿಯಲ್ಲಿ ಈ ಎರಡು ಅಕ್ಷರದ ಟಿಕೆಟ್ ನಾನು ಕಂಡದ್ದೇ ಇಲ್ಲ. ಅಕ್ಕನಿಗೆ ಬಂದ ಮೂರು ಫೋಟೋಗಳಲ್ಲಿ ಒಂದು KQ! ಕಂಪ್ಯೂಟರಿನಲ್ಲಿ ಕೂತು ನಂಬರ್ ತಿದ್ದಿದವನಿಗೆ ಇದು ಗೊತ್ತಿರಲಿಲ್ಲ. ಎಲ್ಲರೂ ಹೀಗೆ ಎಡವುತ್ತಾರೆ ಅಂತಲ್ಲ. ಉಳಿದೆರಡು ಫೋಟೋಗಳಲ್ಲಿ ಅಕ್ಷರ ಸರಿಯಾಗಿಯೇ ಇತ್ತು.

ಭಾಗ್ಯಕೇರಳಂ ಅನ್ನುವ ಇಲಾಖೆಯದೇ ಆ್ಯಪ್ ಇದೆ. ಟಿಕೆಟ್‌ನ ಕೋಡ್ ಸ್ಕ್ಯಾನ್ ಮಾಡಿ ಅಸಲಿಯಾ ಅಂತ ನೋಡಬಹುದು. ಅದು ಟಿಕೆಟ್ ಅಸಲಿ ಅಂತ ಹೇಳುತ್ತದೆ, ಆ ಟಿಕೆಟ್ ನಿಮ್ಮದು ಅಂತ ಹೇಳುವುದಿಲ್ಲ. ಬೇರೆಯವರ ಕೈಯಲ್ಲಿರುವ ಟಿಕೆಟ್‌ನ ಫೋಟೋ ಇಟ್ಟುಕೊಂಡು ಸ್ಕ್ಯಾನ್ ಮಾಡಿ ಖುಷಿಪಡಬೇಡಿ.

ಮೂರನೆಯದು: ಲೆಕ್ಕ ಕೂಡುತ್ತದಾ

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಆಗುವ ಪರೀಕ್ಷೆ ಇದು. ಇದಕ್ಕೆ ಇಂಟರ್‌ನೆಟ್ಟೂ ಬೇಡ.

ಕೊನೆಯ ನಾಲ್ಕು ಅಂಕಿಗೆ ಐದು ಲಕ್ಷ ಅಂದರಲ್ಲ, ಅದು ಸಾಧ್ಯವಾ ನೋಡೋಣ. ಟಿಕೆಟ್ ನಂಬರಿಗೆ ಆರು ಅಂಕಿ. ಒಂದು ಲಕ್ಷದಿಂದ ಮೇಲಕ್ಕೆ ಆರಂಕಿಯ ನಂಬರುಗಳು ಒಟ್ಟು 9 ಲಕ್ಷ. 12 ಸೀರೀಸ್ ಸೇರಿದರೆ 1 ಕೋಟಿ 8 ಲಕ್ಷ ಟಿಕೆಟ್. ಒಂದು ಸೀರೀಸ್‌ನಲ್ಲಿ 4417ರಿಂದ ಮುಗಿಯುವ ಟಿಕೆಟ್ ಎಷ್ಟು? ಅದರ ಮುಂದೆ 10ರಿಂದ 99ರ ತನಕ ಯಾವುದೂ ಬರಬಹುದು, ಅಂದರೆ 90. ಹನ್ನೆರಡು ಸೀರೀಸ್‌ಗೆ 1,080. ಇಷ್ಟೂ ಟಿಕೆಟ್‌ಗೆ ಐದೈದು ಲಕ್ಷ ಕೊಟ್ಟರೆ 54 ಕೋಟಿ ಬೇಕು. ಈಗ ಇನ್ನೊಂದು ಕಡೆಯಿಂದ ನೋಡಿ. 1 ಕೋಟಿ 8 ಲಕ್ಷ ಟಿಕೆಟ್ಟೂ 50 ರೂಪಾಯಿಗೆ ಮಾರಿಹೋದರೆ ಸಿಗುವುದು ಅದೇ 54 ಕೋಟಿ. ಒಂದೇ ಒಂದು ನಾಲ್ಕಂಕಿ ನಂಬರಿಗೆ ಇಡೀ ದಿನದ ಮಾರಾಟ ಕೊಟ್ಟು, ಮೊದಲ ಬಹುಮಾನದ ಒಂದು ಕೋಟಿಯನ್ನು ಸರಕಾರ ಎಲ್ಲಿಂದ ತರಬೇಕು?

ಹಾಗಾಗಿಯೇ ನಿಜವಾದ ಫಲಿತಾಂಶದಲ್ಲಿ ಲಕ್ಷಗಟ್ಟಲೆ ಬಹುಮಾನಗಳು ಸೀರೀಸ್ ಅಕ್ಷರ ಮತ್ತು ಆರೂ ಅಂಕಿ ಸೇರಿಸಿ ಬರುತ್ತವೆ. ನಾಲ್ಕಂಕಿಯ ಪಟ್ಟಿ ಶುರುವಾಗುವುದು 5,000 ರೂಪಾಯಿಯಿಂದ, ಅಲ್ಲಿಂದ ಕೆಳಗೆ ಇಳಿಯುತ್ತದೆ. ಯಾರಾದರೂ ನಾಲ್ಕಂಕಿಗೆ ಲಕ್ಷ ಅಂದರೆ ಅಲ್ಲಿಗೇ ಮಾತು ಮುಗಿಸಿ. ಮೊದಲ ಬಹುಮಾನದ ಸಾಧ್ಯತೆಯೂ ಇದೇ ಲೆಕ್ಕದಲ್ಲಿದೆ: ಒಂದು ಟಿಕೆಟ್‌ಗೆ ಕೋಟಿಯಲ್ಲಿ ಒಂದು ಪಾಲೂ ಪೂರ್ತಿ ಇಲ್ಲ. ಇದನ್ನು ಹೇಳಿದರೆ ಭಾವನಿಗೆ ಸಿಟ್ಟು ಬರುತ್ತದೆ.

ನಾಲ್ಕನೆಯದು: ಫಲಿತಾಂಶ ಎಲ್ಲಿ ನೋಡುತ್ತಿದ್ದೀರಿ

ಮಾರಿದವನೇ ಕಳಿಸಿದ ಪಿಡಿಎಫ್‌ನಲ್ಲಿ ಫಲಿತಾಂಶ ನೋಡುವುದೂ ಒಂದೇ, ಪರೀಕ್ಷೆ ಬರೆದವನೇ ಮಾರ್ಕು ಹಾಕಿಕೊಳ್ಳುವುದೂ ಒಂದೇ. ಅಕ್ಕನ ಪಿಡಿಎಫ್ ಬಹುತೇಕ ಅಸಲಿಯೇ. ಆ ಶನಿವಾರದ ಫಲಿತಾಂಶವನ್ನು ಇಳಿಸಿಕೊಂಡು, ಒಂದು ಸಾಲು ಮಾತ್ರ ಬದಲಿಸಿದ್ದರು. ಮೊದಲ ಬಹುಮಾನದ ನಂಬರ್ ಪೇಪರಿನಲ್ಲಿ ಬಂದದ್ದಕ್ಕೆ ಸರಿಯಾಗಿ ಹೊಂದುತ್ತಿತ್ತು. ಅದನ್ನು ನೋಡಿಯೇ ಅಕ್ಕನಿಗೆ ಧೈರ್ಯ ಬಂದದ್ದು.

ಸರಕಾರದ ಸೈಟ್‌ನ ವಿಳಾಸ ಇದು. ಲಿಂಕ್ ಒತ್ತಬೇಡಿ, ನೀವೇ ಟೈಪ್ ಮಾಡಿ:

```
statelottery.kerala.gov.in
```

ಗೂಗಲ್‌ನಲ್ಲಿ ಹುಡುಕಿದರೆ ಮೇಲ್ಗಡೆ ಬೇರೆ ಬೇರೆ ಸೈಟ್‌ಗಳು ಬರುತ್ತವೆ. ಅದರಲ್ಲಿ ಕೆಲವು ಸುಮ್ನೆ ಫಲಿತಾಂಶ ಹಾಕಿ ಜಾಹೀರಾತಿನಲ್ಲಿ ಕಾಸು ಮಾಡುವ ಖಾಸಗಿಯವರದ್ದು. ಅವರು ಮೋಸಗಾರರೇ ಆಗಬೇಕೆಂದಿಲ್ಲ, ಆದರೆ ಸರಕಾರದವರೂ ಅಲ್ಲ. ಇನ್ನು ಕೆಲವು ಪಕ್ಕಾ ನಕಲಿ. ಬೇರೆ ಮಾಡಲು ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ಶುರುವಿನ https:// ಬಿಟ್ಟು, ಆಮೇಲಿನ ಮೊದಲ ಓರೆಗೆರೆಗಿಂತ ಹಿಂದೆ, ಕಟ್ಟಕಡೆಯಲ್ಲಿ ಏನಿದೆ ಅನ್ನುವುದೇ ಲೆಕ್ಕ. ನಾನೇ ಕಟ್ಟಿದ ಒಂದು ಉದಾಹರಣೆ:

```
statelottery.kerala.gov.in.lucky-result.example/today
```

ಇದರಲ್ಲಿ ಸರಕಾರದ ವಿಳಾಸ ಪೂರ್ತಿಯಾಗಿ ಇದೆ. ಆದರೆ ಅದು ಎಡಗಡೆ ಇದೆ. ಸೈಟ್‌ನ ಯಜಮಾನ `lucky-result.example`. ಎಡಗಡೆ ಅವನು ಏನು ಬೇಕಾದರೂ ಬರೆದುಕೊಳ್ಳಬಹುದು. ಬಾಡಿಗೆ ಮನೆಯ ಗೇಟಿಗೆ "ಜಿಲ್ಲಾಧಿಕಾರಿ ಕಚೇರಿ" ಅಂತ ಬೋರ್ಡ್ ತೂಗಿದ ಹಾಗೆ. ಮೊಬೈಲಿನ ಸಣ್ಣ ಪರದೆಯಲ್ಲಿ ಎಡಗಡೆಯ ತುಂಡು ಮಾತ್ರ ಕಾಣುವುದರಿಂದ, ವಿಳಾಸದ ಮೇಲೆ ಬೆರಳಿಟ್ಟು ಪೂರ್ತಿ ಎಳೆದು ನೋಡಬೇಕು. ಬೀಗದ ಚಿತ್ರ ಇದೆ ಅಂತ ನಂಬಬೇಡಿ. ಅದು ನಕಲಿ ಸೈಟ್‌ಗೂ ಸಿಗುತ್ತದೆ.

ಡ್ರಾ ಮೂರು ಗಂಟೆಗೆ ಶುರುವಾಗಿ, ಪೂರ್ತಿ ಪಟ್ಟಿಯ ಪಿಡಿಎಫ್ ಸಂಜೆಯ ಹೊತ್ತಿಗೆ ಸೈಟ್‌ಗೆ ಬರುತ್ತದೆ. ಮರುದಿನದ ಮಲಯಾಳಂ ಪೇಪರ್‌ಗಳಲ್ಲೂ ಇರುತ್ತದೆ. ಕೊನೆಗೆ ಲೆಕ್ಕಕ್ಕೆ ಬರುವುದು ಸರಕಾರಿ ಗೆಜೆಟ್‌ನ ಪಟ್ಟಿ. ಮಲಯಾಳಂ ಓದಲು ಬಾರದ ನಮ್ಮ ಹಿರಿಯರಿಗೆ ಇದರಿಂದ ತೊಂದರೆ ಇಲ್ಲ. ನಂಬರುಗಳು ನಮಗೂ ಅವರಿಗೂ ಒಂದೇ. ಪಕ್ಕದ ಯಾವ ಲಾಟರಿ ಅಂಗಡಿಗೆ ಹೋದರೂ ಪಟ್ಟಿ ನೋಡಿ ಹೇಳುತ್ತಾರೆ, ಕಾಸು ತೆಗೆದುಕೊಳ್ಳುವುದಿಲ್ಲ.

ಐದನೆಯದು: ಹಣ ಯಾವ ಕಡೆಗೆ ಹರಿಯುತ್ತಿದೆ

ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಬಹುಮಾನ ಗೆದ್ದವರು ಮುಂಗಡ ಕಟ್ಟುವ ಹಣ ಅಂತ ಯಾವುದೂ ಇಲ್ಲ.

ನಿಜವಾಗಿ ಐದು ಲಕ್ಷ ಬಂದಿದ್ದರೆ ಏನಾಗುತ್ತಿತ್ತು? ಮೊದಲು ಏಜೆಂಟರ ಕಮಿಷನ್ ಕಳೆಯುತ್ತಾರೆ, ಲೆಕ್ಕಕ್ಕೆ ಶೇ. 10, ಅಂದರೆ 50,000 ಅಂತ ಇಟ್ಟುಕೊಳ್ಳಿ. ಉಳಿದ 4,50,000ದಲ್ಲಿ ಶೇ. 30 ಆದಾಯ ತೆರಿಗೆ, ಅಂದರೆ 1,35,000 ಹಿಡಿಯುತ್ತಾರೆ. 3,15,000 ಬ್ಯಾಂಕ್ ಖಾತೆಗೆ ಬರುತ್ತದೆ. ಎಲ್ಲ ಕಡಿತವೂ ಬಹುಮಾನದೊಳಗಿಂದಲೇ. ಗೆದ್ದವರ ಜೇಬಿನಿಂದ ಒಂದು ರೂಪಾಯಿ ರೆವಿನ್ಯೂ ಸ್ಟ್ಯಾಂಪ್, ಫೋಟೋ, ಜೆರಾಕ್ಸ್ ಖರ್ಚು ಹೋಗಬಹುದು, ಅಷ್ಟೇ.

ಜಿಎಸ್‌ಟಿ ಇರುವುದು ಟಿಕೆಟ್ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 28ರಿಂದ ಶೇ. 40ಕ್ಕೆ ಏರಿತು. ಅದು ನೀವು ಟಿಕೆಟ್‌ಗೆ ಕೊಡುವ ದುಡ್ಡಿನಲ್ಲೇ ಸೇರಿರುತ್ತದೆ, ಬಹುಮಾನಕ್ಕೆ ಜಿಎಸ್‌ಟಿ ಇಲ್ಲ. ರಿಸರ್ವ್ ಬ್ಯಾಂಕಿಗಂತೂ ನಿಮ್ಮ ಐದು ಲಕ್ಷದ ಜೊತೆ ಏನೂ ಕೆಲಸ ಇಲ್ಲ. ಅಕ್ಕ ಹಣ ಕಳಿಸಿದಾಗ ಪರದೆಯ ಮೇಲೆ ಬಂದ ಹೆಸರು ಯಾರೋ ಒಬ್ಬ ವ್ಯಕ್ತಿಯದ್ದು. ಸರಕಾರದ ತೆರಿಗೆ ಯಾರದೋ ಸ್ವಂತ ಯುಪಿಐಗೆ ಹೋಗುತ್ತದಾ? ಆ ಹೊತ್ತಿಗೆ ಯಾರಿಗೂ ಈ ಪ್ರಶ್ನೆ ಹೊಳೆಯುವುದಿಲ್ಲ. ಐದು ಲಕ್ಷ ಕಣ್ಣ ಮುಂದೆ ಇರುತ್ತದೆ.

ಹಾಗಾದರೆ ತೆಗೆದುಕೊಳ್ಳುವುದು ಹೇಗೆ

ಅಂಗಡಿಗೆ ಹೋಗಿ. ಮಂಗಳೂರಿನ ಕಡೆಯಿಂದ ಬರುವವರಿಗೆ ತಲಪಾಡಿ ದಾಟಿದರೆ ಸಾಕು. ಮಂಜೇಶ್ವರ, ಹೊಸಂಗಡಿ, ಉಪ್ಪಳ, ಎಲ್ಲ ಕಡೆ ಟಿಕೆಟ್ ಅಂಗಡಿಗಳಿವೆ. ಹಿಂಬದಿಯಲ್ಲಿ ಏಜೆನ್ಸಿಯ ಸೀಲ್ ಇದೆಯಾ ನೋಡಿ. ಡ್ರಾ ತಾರೀಕು ಇವತ್ತಿನದ್ದಾ ಅಥವಾ ಮುಂದಿನದ್ದಾ ನೋಡಿ. ಅಲ್ಲೇ ನಿಂತು ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಅಂಗಡಿಯಲ್ಲಿ ಯುಪಿಐ ಮಾಡಿದರೆ ತೊಂದರೆ ಇಲ್ಲ. ಕಾಗದ ಕೈಗೆ ಬಂದ ಮೇಲೆ ಹಣ ಹೇಗೆ ಕೊಟ್ಟರೂ ಒಂದೇ.

ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟಕ್ಕೆ ನಿಷೇಧ ಇದೆ. ತಮಿಳುನಾಡಿನಲ್ಲಿ 2003ರಿಂದಲೇ. ಆದ್ದರಿಂದ ಕೇರಳದ ಟಿಕೆಟ್ಟನ್ನು ಅಲ್ಲಿ ಮಾರುವುದು ತಪ್ಪು. ಭಾವ ವಾಟ್ಸಾಪ್ ಗಿರಾಕಿಗಳಿಗೆ ಆಗುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ. ಆದರೆ ಹೊರರಾಜ್ಯದವರು ಕೇರಳಕ್ಕೆ ಬಂದು ಕೊಂಡರೆ ಬಹುಮಾನ ಸಿಗುತ್ತದೆ. 2024ರ ಓಣಂ ಬಂಪರ್‌ನ 25 ಕೋಟಿ ವಯನಾಡಿನಲ್ಲಿ ಮಾರಾಟವಾದ ಟಿಕೆಟ್‌ಗೆ ಬಂತು, ಗೆದ್ದವರು ಮಂಡ್ಯ ಜಿಲ್ಲೆ ಪಾಂಡವಪುರದ ಮೆಕ್ಯಾನಿಕ್. ಹೊರಗಿನವರಿಗೆ ನೋಟರಿಯ ದೃಢೀಕರಣದಂಥ ಕಾಗದಪತ್ರ ಸ್ವಲ್ಪ ಜಾಸ್ತಿ ಇರುತ್ತದೆ.

ಬಹುಮಾನ 5,000ದ ತನಕ ಇದ್ದರೆ ಕೇರಳದ ಲಾಟರಿ ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಲಾಟರಿ ಕಚೇರಿಗೆ ಅಥವಾ ಬ್ಯಾಂಕಿಗೆ ಟಿಕೆಟ್, ಗುರುತಿನ ಚೀಟಿ, ಪ್ಯಾನ್ ಸಮೇತ 30 ದಿನದೊಳಗೆ ಹೋಗಬೇಕು. ಟಿಕೆಟ್‌ನ ಎರಡೂ ಬದಿಯ ಜೆರಾಕ್ಸ್ ಮನೆಯಲ್ಲಿರಲಿ.

ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳಲ್ಲಿ ಇನ್ನೊಂದು ಮಾತು ಬರುತ್ತದೆ: "ಅಲ್ಲಿ ಆನ್‌ಲೈನ್‌ನಲ್ಲೇ ಕೊಡ್ತಾರಲ್ಲ?" ಹೌದು, ಅಬುಧಾಬಿಯ ಬಿಗ್ ಟಿಕೆಟ್‌ನಂಥವು ಆನ್‌ಲೈನ್‌ನಲ್ಲಿ ಮಾರುತ್ತವೆ. ಅಲ್ಲಿರುವ ಮಗ ಅಲ್ಲಿಯ ದುಡ್ಡಿನಲ್ಲಿ ಕೊಂಡರೆ ಅದು ಅಲ್ಲಿಯ ಮಾತು. ಇಲ್ಲಿ ಕೂತು ಇಲ್ಲಿಂದ ಲಾಟರಿಗಾಗಿ ವಿದೇಶಕ್ಕೆ ಹಣ ಕಳಿಸುವುದಕ್ಕೆ ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾದ ನಿಯಮದಲ್ಲಿ ನಿಷೇಧ ಇದೆ. "ನಿಮ್ಮ ಪರವಾಗಿ ಅಲ್ಲಿ ಕೊಂಡು ಸ್ಕ್ಯಾನ್ ಕಳಿಸುತ್ತೇವೆ" ಅನ್ನುವ ಸೈಟ್‌ಗೆ ದುಡ್ಡು ಹಾಕಿ ಕಳೆದುಕೊಂಡರೆ ದೂರು ಕೊಡುವುದೂ ಕಷ್ಟ.

ಹಣ ಹೋಗಿದ್ದರೆ

ನಾಚಿಕೆ ಬಿಟ್ಟು ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಮೋಸದ ಸಹಾಯವಾಣಿ. `cybercrime.gov.in` ಸೈಟ್‌ನಲ್ಲಿಯೂ ದೂರು ಕೊಡಬಹುದು. ಹಣ ಹೋದ ಖಾತೆಯಲ್ಲಿ ಇನ್ನೂ ಇದ್ದರೆ ಅದನ್ನು ತಡೆಹಿಡಿಯುತ್ತಾರೆ. ಅಲ್ಲಿಂದ ಮೂರ್ನಾಲ್ಕು ಖಾತೆ ದಾಟಿ ಹೋದರೆ ಸಿಗುವುದು ಕಷ್ಟ. ಆದ್ದರಿಂದ ಗಂಟೆಗಳ ಲೆಕ್ಕ ಮುಖ್ಯ. ಯುಪಿಐ ವಹಿವಾಟಿನ ನಂಬರ್, ಎದುರಿನವರ ಫೋನ್ ನಂಬರ್, ಚಾಟ್, ಅವರು ಕಳಿಸಿದ ಟಿಕೆಟ್ ಮತ್ತು ಪಿಡಿಎಫ್, ಯಾವುದನ್ನೂ ಅಳಿಸಬೇಡಿ. ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡುವವರೇ ಜಾಸ್ತಿ.

ಅಕ್ಕ ಭಾನುವಾರ ಸಂಜೆ ಕಳಿಸಿದ್ದು, ನಾವು ಫೋನ್ ಮಾಡಿದ್ದು ಸೋಮವಾರ ಮಧ್ಯಾಹ್ನ. ಐದು ಸಾವಿರವೂ ಹೋಯಿತು. ಅವರು ಆಧಾರ್, ಪ್ಯಾನ್ ಫೋಟೋ ಕೂಡ ಕಳಿಸಿದ್ದರಿಂದ ಬ್ಯಾಂಕಿಗೂ ಹೋಗಿ ಹೇಳಿ ಬಂದೆವು.

ಎರಡು ವಾರ ಆದ ಮೇಲೆ ಅಕ್ಕನಿಗೆ ಮತ್ತೆ ಫೋನ್ ಬಂತು. ಈ ಸಲ ಒಬ್ಬ "ವಕೀಲ". ಲಾಟರಿ ಮೋಸದ ಹಣ ವಾಪಸ್ ಕೊಡಿಸುತ್ತೇನೆ, ಫೈಲ್ ತೆರೆಯಲು 1,200 ಕಳಿಸಿ ಅಂತ. ಕಳೆದುಕೊಂಡವರ ಪಟ್ಟಿ ಇವರ ಇವರೊಳಗೇ ಕೈ ಬದಲಾಯಿಸುತ್ತದೆ, ಹಾಗಾಗಿ ಇಂಥ ಫೋನ್ ಬಂದೇ ಬರುತ್ತದೆ. ಅಕ್ಕ ಬೀಡಿ ಕಟ್ಟುತ್ತಾ ಫೋನ್ ಸ್ಪೀಕರಿಗೆ ಹಾಕಿ ಪೂರ್ತಿ ಕೇಳಿದರು. ಆಮೇಲೆ "ಆ 1,200ನ್ನು ಬರುವ ಹಣದಲ್ಲೇ ಹಿಡ್ಕೊಳ್ಳಿ" ಅಂದರು. ಆ ಕಡೆಯಿಂದ ಫೋನ್ ಕಟ್ ಆಯಿತು.